ಕಾಂಪೌಂಡ್ ಗೋಡೆ ನಮ್ಮ ಜಾಗಕ್ಕೆ ಬಂದಿದ್ದರೆ ಪಕ್ಕದ ಮನೆಯವರಿಗೆ ಪತ್ರ ಬರೆಯುವುದು ಹೇಗೆ

ಇಬ್ಬರಿಗೂ ಸೇರಿದ ಕಾಂಪೌಂಡ್ ಗೋಡೆ ಸ್ವಲ್ಪ ನಮ್ಮ ಕಡೆಗೆ ವಾಲಿಕೊಂಡು ಕಟ್ಟಲ್ಪಟ್ಟಿದೆ ಎಂದು ಗೊತ್ತಾದಾಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ "ಹೋಗಲಿ ಬಿಡು, ಅಕ್ಕಪಕ್ಕದವರು" ಎಂದು ಸುಮ್ಮನಾಗುತ್ತಾರೆ, ಇಲ್ಲವೇ ನೇರ ವಕೀಲರಿಂದ ನೋಟಿಸ್ ಕೊಡಿಸುತ್ತಾರೆ. ಸುಮ್ಮನಿದ್ದರೆ ಕಾಲ ನಮ್ಮ ವಿರುದ್ಧ ಓಡುತ್ತದೆ. ನೋಟಿಸ್ ಕೊಟ್ಟರೆ ಮಾರನೆಯ ದಿನದಿಂದ ಪಕ್ಕದ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಇವೆರಡರ ನಡುವೆ ಒಂದು ದಾರಿ ಇದೆ: ಇಬ್ಬರೂ ಕೂತು ಅಳೆದು, ಅಳತೆಯನ್ನು ಕಾಗದಕ್ಕೆ ಇಳಿಸಿ, ಇಬ್ಬರೂ ಸಹಿ ಹಾಕುವುದು. ನೀವು ಬರೆಯುವ ಪತ್ರ ಆ ಸಹಿಯ ಕಡೆಗೆ ಹೋಗಬೇಕು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನಿಮ್ಮ ಹಕ್ಕಿನ ಜಾಗವನ್ನು ಇನ್ನೊಬ್ಬರು ತಮ್ಮದೇ ಎಂಬಂತೆ ನಿಮ್ಮ ಹಕ್ಕಿಗೆ ವಿರುದ್ಧವಾಗಿ ಇಟ್ಟುಕೊಂಡರೆ, ಅದನ್ನು ವಾಪಸ್ ಕೇಳಿ ದಾವೆ ಹೂಡಲು ಇರುವ ಅವಧಿ 12 ವರ್ಷ. ಅದು ದಾಟಿದರೆ ನಿಮ್ಮ ಹಕ್ಕೇ ಅಳಿದುಹೋಗುತ್ತದೆ. ಇದನ್ನೇ ಪ್ರತಿಕೂಲ ಸ್ವಾಧೀನ ಎನ್ನುವುದು. ಈ ನಡುವೆ ನೀವು ಪತ್ರದ ಮೇಲೆ ಪತ್ರ ಬರೆದರೂ ಬರೀ ಅದರಿಂದ ಗಡಿಯಾರ ನಿಲ್ಲುವುದಿಲ್ಲ. ಆದರೆ ಆ ಅವಧಿ ಮುಗಿಯುವ ಮೊದಲು ಪಕ್ಕದವರೇ "ಈ ಜಾಗ ನಿಮ್ಮದು, ನಿಮ್ಮ ಒಪ್ಪಿಗೆಯಿಂದ ಸದ್ಯಕ್ಕೆ ನಮ್ಮ ಕಡೆ ಇದೆ" ಎಂದು ಬರೆದು ಸಹಿ ಹಾಕಿದರೆ ಮಾತು ಬೇರೆಯಾಗುತ್ತದೆ. ಅನುಮತಿಯಿಂದ ಬಳಸುವವರು ವಿರೋಧವಾಗಿ ಬಳಸುತ್ತಿದ್ದಾರೆ ಎನ್ನಲಾಗುವುದಿಲ್ಲ. ಹಾಗಾಗಿ ನೀವು ಕಳಿಸುವ ಹತ್ತು ಕಟುವಾದ ಪತ್ರಗಳಿಗಿಂತ ಅವರು ಸಹಿ ಮಾಡಿದ ಒಂದು ಹಾಳೆಗೆ ಬೆಲೆ ಹೆಚ್ಚು. ಸಂಬಂಧ ಉಳಿದರೆ ಮಾತ್ರ ಆ ಸಹಿ ಸಿಗುತ್ತದೆ. ಮೆದುವಾಗಿ ಬರೆಯಿರಿ ಎಂದು ನಾನು ಹೇಳುವುದು ಬರೀ ಒಳ್ಳೆಯತನಕ್ಕಲ್ಲ.

ಮೊದಲು ಅಳತೆ

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಮೈಸೂರಿನ ಒಂದು ಬಡಾವಣೆ, 30x40 ಸೈಟುಗಳ ಸಾಲು. ನಿಮ್ಮದು 46, ಪೂರ್ವಕ್ಕೆ ಪಕ್ಕದವರದು 47. ರಸ್ತೆ ಉತ್ತರಕ್ಕಿದೆ. ನಡುವಿನ ಗೋಡೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಖರ್ಚು ಇಬ್ಬರದು, ಗಡಿರೇಖೆ ಗೋಡೆಯ ಸರಿ ಮಧ್ಯದಲ್ಲಿ ಹೋಗಬೇಕು ಎಂಬುದು ಮಾತು. ಹಳೇ ಗೋಡೆ ಮಳೆಗೆ ಕುಸಿದ ಮೇಲೆ ಪಕ್ಕದವರು ಮುಂದೆ ನಿಂತು ಹೊಸದಾಗಿ ಕಟ್ಟಿಸಿದರು. ಈಗ ಹಿತ್ತಲಲ್ಲಿ ನಿಮ್ಮ ಅಗಲ ಕಡಿಮೆಯಾದಂತೆ ಕಾಣುತ್ತಿದೆ.

ಟೇಪು ಹಿಡಿಯುವ ಮೊದಲು ಕ್ರಯಪತ್ರ ತೆಗೆಯಿರಿ. ಕೊನೆಯ ಪುಟಗಳಲ್ಲಿ ಷೆಡ್ಯೂಲು ಇರುತ್ತದೆ. ಅದರಲ್ಲಿ ಎರಡು ಸಂಗತಿ ಬೇರೆಬೇರೆ: ಅಳತೆ, ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನಿದೆ ಎಂಬುದು. ಎರಡಕ್ಕೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ತೂಕ ಕೊಡುತ್ತವೆ. "ನನ್ನ ಪತ್ರದಲ್ಲಿ 30 ಅಡಿ ಅಂತ ಇದೆ" ಎಂಬ ಒಂದೇ ಮಾತಿನ ಮೇಲೆ ನಿಲ್ಲಬೇಡಿ. ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯೂ ಜೊತೆಗಿರಲಿ.

ಜೊತೆಗೇ ಕ್ರಯಪತ್ರ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಮಾತಾಡುವವರು ಗಂಡಸರು, ಸೈಟು ಹೆಂಡತಿಯ ಹೆಸರಿನಲ್ಲೋ ತೀರಿಕೊಂಡ ತಂದೆಯ ಹೆಸರಿನಲ್ಲೋ ಇರುತ್ತದೆ. ಪಕ್ಕದ ಮನೆಯ ಯಜಮಾನರು ಪ್ರೀತಿಯಿಂದ ಸಹಿ ಹಾಕಿಕೊಟ್ಟರೂ ಸೈಟು ಅವರ ಮನೆಯವರ ಹೆಸರಿನಲ್ಲಿದ್ದರೆ ಆ ಸಹಿ ಅಷ್ಟಕ್ಕಷ್ಟೇ. ಎರಡೂ ಕಡೆ ಮಾಲೀಕರೆಲ್ಲರ ಹೆಸರು, ಎಲ್ಲರ ಸಹಿ ಬೇಕು.

ಈಗ ಅಳತೆ. ಬಟ್ಟೆಯ ಟೇಪು ಜಗ್ಗುತ್ತದೆ, ಸ್ಟೀಲ್ ಟೇಪು ತನ್ನಿ. ಎಳೆದಾಗ ಮಟ್ಟವಾಗಿರಲಿ, ನೆಲದ ಇಳಿಜಾರಿನ ಮೇಲೆ ಮಲಗಿಸಿದರೆ ಹೆಚ್ಚು ತೋರಿಸುತ್ತದೆ. ಗೋಡೆಯ ಒಳಮುಖದಿಂದ ಅಳೆದರೆ ಒಬ್ಬರ ಪ್ಲಾಸ್ಟರಿಂಗ್ ದಪ್ಪ, ಇನ್ನೊಬ್ಬರದು ತೆಳು ಎಂದು ಅಲ್ಲೇ ಜಗಳ ಶುರುವಾಗುತ್ತದೆ. ಗೋಡೆಯ ತಲೆಯ ಮೇಲೆ ಮಧ್ಯ ಗುರುತು ಮಾಡಿ, ಪಶ್ಚಿಮದ ಗೋಡೆಯ ಮಧ್ಯದಿಂದ ಪೂರ್ವದ ಗೋಡೆಯ ಮಧ್ಯಕ್ಕೆ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ರಸ್ತೆ ಬದಿ ಸರಿಯಾಗಿ 30 ಅಡಿ ಬಂತು, ಹಿತ್ತಲ ಬದಿ 29 ಅಡಿ 2 ಇಂಚು ಬಂತು. ಅಂದರೆ ಗೋಡೆ ಮುಂದೆ ಸರಿಯಾಗಿ ಹೊರಟು ಹಿಂದಕ್ಕೆ ಹೋಗ್ತಾ ಹೋಗ್ತಾ 10 ಇಂಚು ಓರೆಯಾಗಿದೆ. ಬಿಟ್ಟುಹೋದ ಜಾಗ ಉದ್ದನೆಯ ತ್ರಿಕೋನ: 40 ಅಡಿ ಉದ್ದ, ತುದಿಯಲ್ಲಿ 10 ಇಂಚು ಅಗಲ, ಒಟ್ಟು ಸುಮಾರು ಹದಿನೇಳು ಚದರ ಅಡಿ. ಪತ್ರ ಬರೆಯುವ ಮೊದಲು ಈ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. "ಒಂದಡಿ ನುಂಗಿದ್ದಾರೆ" ಎಂದು ಕುದಿಯುತ್ತಿದ್ದವರಿಗೆ, ಒಂದು ಮಂಚ ಹಿಡಿಸುವುದಕ್ಕಿಂತಲೂ ಕಡಿಮೆ ಜಾಗದ ಮಾತು ಇದು ಎಂದು ತಿಳಿಯುತ್ತದೆ.

30x40 ಸೈಟಿಗೆ ಇನ್ನೊಂದು ಅನುಕೂಲವಿದೆ. ನಾಲ್ಕು ಮೂಲೆಯೂ 90 ಡಿಗ್ರಿಗೆ ಸರಿಯಾಗಿದ್ದರೆ ಎರಡೂ ಕರ್ಣಗಳು ಸರಿಯಾಗಿ 50 ಅಡಿ ಬರಬೇಕು. ನಮ್ಮ ಲೆಕ್ಕದಲ್ಲಿ ಮುಂದಿನ ಪೂರ್ವ ಮೂಲೆಯಿಂದ ಹಿಂದಿನ ಪಶ್ಚಿಮ ಮೂಲೆಗೆ 50 ಅಡಿ ಬರುತ್ತದೆ, ಮುಂದಿನ ಪಶ್ಚಿಮ ಮೂಲೆಯಿಂದ ಹಿಂದಿನ ಪೂರ್ವ ಮೂಲೆಗೆ 49 ಅಡಿ 6 ಇಂಚು. ಕೆಟ್ಟಿರುವುದು ಹಿಂದಿನ ಪೂರ್ವ ಮೂಲೆ ಒಂದೇ ಎಂದು ಇದರಿಂದ ಗೊತ್ತಾಗುತ್ತದೆ. ಖಾಲಿ ಸೈಟಾದರೆ ಇದನ್ನು ಟೇಪಿನಲ್ಲೇ ನೋಡಬಹುದು. ಮನೆ ಎದ್ದಿದ್ದರೆ ಕರ್ಣಕ್ಕೆ ಮನೆಯೇ ಅಡ್ಡ. ಆಗ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಇರುವ ಖಾಸಗಿ ಸರ್ವೇಯರ್ ಬೇಕು.

ಪಕ್ಕದವರ ತಪ್ಪೇ ಎಂದು ಹೇಗೆ ಗೊತ್ತು?

ಹೆಚ್ಚಿನವರು ಎಡವುವುದು ಇಲ್ಲಿ. ನಿಮ್ಮಲ್ಲಿ 10 ಇಂಚು ಕಡಿಮೆ ಇದ್ದ ಮಾತ್ರಕ್ಕೆ ಅದು 47ರವರ ಹತ್ತಿರ ಇದೆ ಎಂದಲ್ಲ. ಸಾಲಿನ ಸೈಟುಗಳಲ್ಲಿ ಮೂಲೆ ಸೈಟಿನವರು ಮೊದಲು ಮನೆ ಕಟ್ಟುವಾಗ ಚೂರು ಆಚೆ ಬಂದಿರುತ್ತಾರೆ. ಅವರ ಗೋಡೆಯನ್ನೇ ಗುರುತಾಗಿ ಹಿಡಿದು ಮುಂದಿನವರ ಮೇಸ್ತ್ರಿ ದಾರ ಕಟ್ಟುತ್ತಾನೆ. ಹಾಗೇ ಸಾಲು ಪೂರ್ತಿ ಸರಿದು, ಕೊನೆಗೆ ಕಟ್ಟಿದವರಿಗೆ ಜಾಗ ಸಾಲದೆ ಬರುತ್ತದೆ.

ಇದನ್ನು ತಿಳಿಯುವ ದಾರಿ ಸುಲಭ. ಪಕ್ಕದವರ ಹಿತ್ತಲನ್ನೂ ಅಳೆಯಬೇಕು. ಅವರಲ್ಲಿ 30 ಅಡಿ 10 ಇಂಚು ಬಂದರೆ ನಿಮ್ಮ ಹತ್ತು ಇಂಚು ಅಲ್ಲಿದೆ. ಸರಿಯಾಗಿ 30 ಅಡಿ ಬಂದರೆ ಅವರು ತಮ್ಮ ಪಾಲಿನಷ್ಟನ್ನೇ ಇಟ್ಟುಕೊಂಡಿದ್ದಾರೆ, ಗೋಡೆ ಸರಿದದ್ದು ಅವರಿಂದಾಚೆ ಶುರುವಾಗಿದೆ. ಆಗ ನೀವು ಬರೆಯಬೇಕಾದ ಪತ್ರವೇ ಬೇರೆ: ಸಾಲಿನವರೆಲ್ಲ ಸೇರಿ ಬಡಾವಣೆಯ ಮೂಲೆಕಲ್ಲಿನಿಂದ ಅಳೆಸೋಣ ಎಂದು. ಈ ಪರೀಕ್ಷೆ ಮಾಡದೆ ಆಪಾದಿಸಿ ಬರೆದ ಪತ್ರ ತಪ್ಪೆಂದು ತಿಳಿದ ಮೇಲೆ ಮೊದಲಿನ ಸಲುಗೆ ವಾಪಸ್ ಬರುವುದು ಕಷ್ಟ.

ಅವರ ಹಿತ್ತಲು ಅಳೆಯಬೇಕೆಂದರೆ ಅವರನ್ನು ಕೇಳಲೇಬೇಕು, ಅದೇ ನಿಮ್ಮ ಮೊದಲ ಮಾತುಕತೆ. "ಅಣ್ಣ, ಹಿಂದ್ಗಡೆ ನಮ್ ಕಡೆ ಅಗಲ ಯಾಕೋ ಕಮ್ಮಿ ಬರ್ತಿದೆ. ನಿಮ್ ಕಡೆ ಎಷ್ಟಿದೆ ಅಂತ ಒಂದ್ಸಲ ಟೇಪ್ ಹಿಡಿದು ನೋಡೋಣ್ವಾ?" ಇಷ್ಟು ಸಾಕು. ಟೇಪಿನ ಒಂದು ತುದಿ ಅವರ ಕೈಯಲ್ಲೇ ಇರಲಿ. ತಾವೇ ಓದಿದ ಅಳತೆಯನ್ನು ನಾಳೆ ಅಲ್ಲಗಳೆಯುವವರು ಕಡಿಮೆ.

ಟೇಪಿನ ಮೇಲೆ ನಂಬಿಕೆ ಕೂಡದಿದ್ದರೆ ಸರ್ವೇಯರನ್ನು ಇಬ್ಬರೂ ಸೇರಿ ಗೊತ್ತುಮಾಡಿ, ಫೀಸು ಅರ್ಧರ್ಧ ಹಾಕಿ. ನೀವೊಬ್ಬರೇ ಕರೆತಂದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಕಣ್ಣಿಗೆ ನಿಮ್ಮ ಕಡೆಯವರೇ. ಸರ್ವೆ ನಂಬರಿನ ಜಮೀನಾದರೆ ಬೇರೆ ದಾರಿ: ಸರ್ವೆ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿದರೆ ಸರ್ಕಾರಿ ಸರ್ವೇಯರ್ ಬಂದು ಅಳೆಯುತ್ತಾರೆ, ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸ್ ಹೋಗುತ್ತದೆ. ಆ ಸರ್ಕಾರಿ ನೋಟಿಸ್ ಅವರ ಕೈಸೇರುವ ಮೊದಲೇ ನೀವಾಗಿ ಹೋಗಿ ವಿಷಯ ತಿಳಿಸಿಬನ್ನಿ.

ಪತ್ರ ಬರೆಯುವುದು

ಸುದ್ದಿ ಅವರಿಗೆ ಪತ್ರದಿಂದಲೇ ಮೊದಲು ತಿಳಿಯಬಾರದು. ಬಾಯಲ್ಲಿ ಮಾತಾಡಿದ್ದನ್ನು ಬರೆದಿಡುವ ಹಾಗಿರಬೇಕು ಪತ್ರ. ದಿನಾ "ಅಣ್ಣ" ಎನ್ನುವವರಿಗೆ "ಮಾನ್ಯರೇ, ವಿಷಯ, ಉಲ್ಲೇಖ" ಎಂದು ಶುರುಮಾಡಿದರೆ ಅವರು ಓದುವ ಮೊದಲೇ ಅದನ್ನು ನೋಟಿಸ್ ಎಂದುಕೊಳ್ಳುತ್ತಾರೆ. ಕರೆಯುವ ಹಾಗೇ ಕರೆಯಿರಿ. ಸೈಟ್ ನಂಬರು, ಅಳತೆ, ದಿನಾಂಕ ಮಾತ್ರ ಕಟ್ಟುನಿಟ್ಟಾಗಿರಲಿ.

ಒತ್ತುವರಿ, ಅತಿಕ್ರಮ, ಕಬಳಿಕೆ ಎಂಬ ಪದಗಳು ಬೇಡ. "ನೀವು ನಮ್ಮ ಜಾಗಕ್ಕೆ ಬಂದಿದ್ದೀರಿ" ಎಂದು ಬರೆಯುವ ಬದಲು "ಗೋಡೆ ಹಿಂದಿನ ತುದಿಯಲ್ಲಿ 10 ಇಂಚು ಈಚೆಗೆ ಬಂದಿದೆ" ಎಂದು ಬರೆಯಿರಿ. ಹೇಳುವ ಸತ್ಯ ಅಷ್ಟೇ ಇರುತ್ತದೆ, ತಪ್ಪಿತಸ್ಥ ಮಾತ್ರ ಗೋಡೆಯಾಗುತ್ತದೆ. ನಿಜಕ್ಕೂ ಇಂಥ ಓರೆ ಬರುವುದು ಹೆಚ್ಚಾಗಿ ದಾರ ಕಟ್ಟಿದವರ ಕೈಯಿಂದ, ದುರಾಸೆಯಿಂದಲ್ಲ.

ಮೆದುವಾಗುವ ಭರದಲ್ಲಿ ಬರೆಯಬಾರದ ಮಾತುಗಳೂ ಇವೆ. "ಆಗಿದ್ದು ಆಯ್ತು", "ನಮ್ಮ ಅಭ್ಯಂತರವೇನಿಲ್ಲ", "ಅದು ನಿಮ್ಮ ಕಡೆಯೇ ಇರಲಿ" ಎಂಬಂಥ ವಾಕ್ಯಗಳು ಮುಂದೆ ನೀವು ಹಕ್ಕು ಬಿಟ್ಟುಕೊಟ್ಟಿರಿ ಎಂದು ತೋರಿಸಲು ಬಳಕೆಯಾಗಬಹುದು. ಪ್ರೀತಿಯ ಮಾತು ಸಂಬಂಧದ ಬಗ್ಗೆ ಇರಲಿ, ಜಾಗದ ಬಗ್ಗೆ ಬೇಡ. ಗೋಡೆಯ ಪತ್ರದಲ್ಲಿ ಅವರ ಮಾವಿನಮರದ ಎಲೆ, ನಾಯಿಯ ಗಲಾಟೆ, ಸ್ಕೂಟರ್ ನಿಲ್ಲಿಸುವ ಜಾಗ ಯಾವುದೂ ಬರಕೂಡದು.

ನಮ್ಮ ಉದಾಹರಣೆಗೆ ಪತ್ರ ಹೀಗಿರಬಹುದು:

"ದಿನಾಂಕ: ________
ಅಣ್ಣನವರಿಗೂ ಅತ್ತಿಗೆಯವರಿಗೂ ನಮಸ್ಕಾರಗಳು.
ಕಳೆದ ಭಾನುವಾರ ನಾವು ಕೂತು ಮಾತಾಡಿದ ಕಾಂಪೌಂಡ್ ವಿಷಯವನ್ನು ಮರೆಯಬಾರದೆಂದು ಬರೆದಿಡುತ್ತಿದ್ದೇನೆ. ಮುಂದೆ ಮಕ್ಕಳ ಕಾಲಕ್ಕೆ ಇದರಲ್ಲಿ ಗೊಂದಲ ಉಳಿಯದಿರಲಿ ಎಂಬುದು ನನ್ನ ಆಸೆ.
ನಮ್ಮ 46ನೇ ನಿವೇಶನ ಮತ್ತು ನಿಮ್ಮ 47ನೇ ನಿವೇಶನದ ನಡುವಿನ ಗೋಡೆಯನ್ನು ಅಂದು ಇಬ್ಬರೂ ಅಳೆದೆವು. ಗೋಡೆಯ ಮಧ್ಯಕ್ಕೆ ಹಿಡಿದು ನೋಡಿದಾಗ ರಸ್ತೆ ಬದಿಯಲ್ಲಿ ನಮ್ಮ ಅಗಲ 30 ಅಡಿ, ಹಿತ್ತಲ ಬದಿಯಲ್ಲಿ 29 ಅಡಿ 2 ಇಂಚು ಇದೆ. ನಿಮ್ಮ ಹಿತ್ತಲ ಬದಿಯಲ್ಲಿ 30 ಅಡಿ 10 ಇಂಚು ಇದೆ. ಹೀಗಾಗಿ ಗೋಡೆ ಹಿಂದಿನ ತುದಿಯಲ್ಲಿ 10 ಇಂಚಿನಷ್ಟು ನಮ್ಮ ಕಡೆಗೆ ಬಂದಿರುವಂತೆ ಕಾಣುತ್ತದೆ. ಅಳತೆಯ ಚಿತ್ರವನ್ನು ಜೊತೆಗಿಟ್ಟಿದ್ದೇನೆ. ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ, ಮತ್ತೆ ಅಳೆಯೋಣ.
ಈಗಲೇ ಗೋಡೆ ಒಡೆಯಿರಿ ಎಂದು ನಾನು ಕೇಳುತ್ತಿಲ್ಲ. ಸರಿಯಾದ ಗಡಿರೇಖೆ ಯಾವುದೆಂದು ಇಬ್ಬರೂ ಒಪ್ಪಿ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡೋಣ. ಗೋಡೆಯನ್ನು ಮತ್ತೆ ಕಟ್ಟುವ ಸಂದರ್ಭ ಬಂದಾಗ ಆ ರೇಖೆಯ ಮೇಲೆ ಕಟ್ಟೋಣ. ಅಲ್ಲಿಯವರೆಗೆ ಆ ಜಾಗದ ಮೇಲಿನ ನಮ್ಮ ಹಕ್ಕು ಹಾಗೇ ಇರುತ್ತದೆ ಎಂಬುದನ್ನು ಮಾತ್ರ ತಿಳಿಸಲು ಇಚ್ಛಿಸುತ್ತೇನೆ.
ಮುಂದಿನ ತಿಂಗಳ 10ನೇ ತಾರೀಖಿನೊಳಗೆ ನಿಮಗೆ ಅನುಕೂಲವಾದ ದಿನ ಹೇಳಿದರೆ ನಾವಿಬ್ಬರೂ ಬರುತ್ತೇವೆ.
ಇಂತಿ ನಿಮ್ಮ, ________ (46ನೇ ನಿವೇಶನದ ಮಾಲೀಕರು)"

ಈ ಪತ್ರದಲ್ಲಿ ಮೂರು ವಾಕ್ಯ ಬಿಡಬಾರದಂಥವು. "ತಪ್ಪಿದ್ದರೆ ಮತ್ತೆ ಅಳೆಯೋಣ" ಎಂಬುದು ಅವರಿಗೆ ಮರ್ಯಾದೆಯ ದಾರಿ ಬಿಡುತ್ತದೆ. "ಹಕ್ಕು ಹಾಗೇ ಇರುತ್ತದೆ" ಎಂಬುದು ನಿಮ್ಮನ್ನು ಕಾಯುತ್ತದೆ. ತಾರೀಖು ಹಾಕಿದ್ದು ಮಾತು ತೇಲಿಹೋಗದಿರಲಿ ಎಂದು. ಗಡುವು ಎನ್ನದೆ ಅವರ ಅನುಕೂಲ ಕೇಳಿದ್ದರಿಂದ ಅದು ಚುಚ್ಚುವುದಿಲ್ಲ.

ತಲುಪಿಸುವುದೂ ಮುಖ್ಯವೇ. ನೀವೇ ಹೋಗಿ ಕೈಗೆ ಕೊಡಿ. ಸಂಜೆ ಇಬ್ಬರೂ ಮನೆಯಲ್ಲಿರುವ ಹೊತ್ತು ನೋಡಿ, ನೆಂಟರಿದ್ದಾಗ ಬೇಡ, ಅವರ ಮನೆಯಲ್ಲಿ ಶುಭಕಾರ್ಯ ಹತ್ತಿರವಿದ್ದರೆ ಅದು ಮುಗಿಯಲಿ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಎತ್ತಲೇಬೇಡಿ. ನಾಲ್ಕು ಜನರ ಮುಂದೆ ಬಂದ ಮೇಲೆ ನ್ಯಾಯ ತಿಳಿದಿದ್ದರೂ ಅವರು ಬಗ್ಗಲಾರರು. ನಿಮ್ಮ ಪ್ರತಿಯ ಮೇಲೆ "ತಲುಪಿದೆ" ಎಂದು ಒಂದು ಸಹಿ ಕೇಳಿ. ಹಿಂಜರಿದರೆ ಒತ್ತಾಯಿಸದೆ, ಅದೇ ಪತ್ರದ ಫೋಟೋವನ್ನು ಅವರೊಬ್ಬರಿಗೇ ವಾಟ್ಸಾಪ್ ಮಾಡಿ "ಸಂಜೆ ಕೊಟ್ಟ ಪತ್ರದ ಪ್ರತಿ" ಎಂದು ಬರೆದರೆ ದಿನಾಂಕದ ದಾಖಲೆ ಉಳಿಯುತ್ತದೆ.

ಸಹಿ ಹಾಕುವ ಹಾಳೆ

ಅವರು ಒಪ್ಪಿದರೆ ಅಲ್ಲಿಗೆ ಬಿಡಬೇಡಿ. ಒಪ್ಪಿಗೆಯ ಹಾಳೆಯಲ್ಲಿ ಬರಬೇಕಾದ್ದು ಇಷ್ಟು: ಎರಡೂ ನಿವೇಶನಗಳ ಸಂಖ್ಯೆ, ಮಾಲೀಕರ ಹೆಸರು, ಅಳತೆಯ ದಿನ, ರೇಖೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ವಿವರ, ಕೈಯಲ್ಲಿ ಬರೆದ ನಕ್ಷೆ. ಆಮೇಲೆ ಮುಖ್ಯ ವಾಕ್ಯ: "ಗೋಡೆಯ ಪೂರ್ವಕ್ಕೆ ಉಳಿದಿರುವ ಸುಮಾರು 17 ಚದರ ಅಡಿ ತ್ರಿಕೋನಾಕಾರದ ಜಾಗ 46ನೇ ನಿವೇಶನಕ್ಕೆ ಸೇರಿದ್ದೆಂದು ಒಪ್ಪಿರುತ್ತೇವೆ. ಗೋಡೆ ಪುನಃ ಕಟ್ಟುವವರೆಗೆ ಅದನ್ನು 47ನೇ ನಿವೇಶನದವರು 46ನೇ ನಿವೇಶನದವರ ಅನುಮತಿಯಿಂದ ಬಳಸುತ್ತಾರೆ, ಅದರ ಮೇಲೆ ಯಾವುದೇ ಕಾಯಂ ಕಟ್ಟಡ ಕಟ್ಟುವುದಿಲ್ಲ."

ಕಾಯಂ ಕಟ್ಟಡದ ಮಾತು ಯಾಕೆಂದರೆ, ಅನುಮತಿ ಕೊಟ್ಟು ಸುಮ್ಮನಿದ್ದಾಗ ಅವರು ಅದೇ ಜಾಗಕ್ಕೆ ತಾಗಿಸಿ ಬಚ್ಚಲುಮನೆಯನ್ನೋ ಸಂಪನ್ನೋ ದುಡ್ಡು ಹಾಕಿ ಕಟ್ಟಿಬಿಟ್ಟರೆ, ಆಮೇಲೆ ಅನುಮತಿ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಆ ಒಂದು ವಾಕ್ಯ ಇಲ್ಲದಿದ್ದರೆ ಹಾಳೆಯೇ ನಿಮಗೆ ಮುಳುವಾಗಬಹುದು. ಎರಡು ಪ್ರತಿ ಮಾಡಿ, ಎಲ್ಲ ಮಾಲೀಕರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಸಹಿಗೆ ಮೊದಲು ವಕೀಲರೊಬ್ಬರಿಗೆ ತೋರಿಸಿ. ಸಂಬಂಧ ಕೆಡುವುದು ಅವರ ಲೆಟರ್‌ಹೆಡ್ಡಿನಿಂದ, ಅವರು ಒಳಗೊಳಗೇ ಕಾಗದ ಓದಿ ತಿದ್ದಿಕೊಟ್ಟರೆ ಏನೂ ಕೆಡುವುದಿಲ್ಲ.

ಇಲ್ಲಿ ಒಂದು ಎಚ್ಚರ. ಗಡಿ ಯಾವುದೆಂದು ಒಪ್ಪಿಕೊಳ್ಳುವ ಹಾಳೆ ಬೇರೆ, ಜಾಗವನ್ನೇ ಕೊಡುವ ಹಾಳೆ ಬೇರೆ. "ಆ ಹತ್ತು ಇಂಚಿಗೆ ಇಷ್ಟು ದುಡ್ಡು ಕೊಡ್ತೀನಿ, ನಮಗೇ ಬಿಡಿ" ಎಂದು ಅವರು ಕೇಳಿದರೆ, ಮನಸ್ಸಿದ್ದರೂ ಬಿಳಿ ಹಾಳೆಯಲ್ಲಿ ಅದು ಆಗುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಪತ್ರ ಬೇಕು. ಬಡಾವಣೆಯ ಸೈಟಿನ ಚೂರನ್ನು ಹಾಗೆ ಕೊಡಬಹುದೇ, ಖಾತೆಯಲ್ಲಿ ಅದು ಕೂರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಉತ್ತರ ಬಾರದಿದ್ದರೆ

ಹೇಳಿದ ತಾರೀಖು ಕಳೆದು ಇನ್ನೊಂದಿಷ್ಟು ದಿನ ನೋಡಿ, ಮತ್ತೊಮ್ಮೆ ಮನೆಗೆ ಹೋಗಿ. ಹಿರಿಯರಿಗೆ ಕಾಗದದ ಮೇಲೆ ಸಹಿ ಎಂದರೇ ಭಯ ಇರುತ್ತದೆ, ಮಗನೋ ಮಗಳೋ ಬರಲಿ ಎಂದು ಕಾಯುತ್ತಿರಬಹುದು. ಆಗಲೂ ಮಾತು ಮುಂದಕ್ಕೆ ಹೋಗದಿದ್ದರೆ ಎರಡನೇ ಪತ್ರ ಚಿಕ್ಕದಾಗಿರಲಿ: ಮೊದಲ ಪತ್ರದ ದಿನಾಂಕ, ಅಳತೆಯ ಎರಡು ಸಾಲು, "ನಮ್ಮ ಹಕ್ಕನ್ನು ಬಿಟ್ಟಿರುವುದಿಲ್ಲ" ಎಂಬ ಒಂದು ಸಾಲು. ಇದನ್ನು ಅಂಚೆಯಲ್ಲಿ, ತಲುಪಿದ ದಾಖಲೆ ಬರುವಂತೆ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿರುವುದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಬೇಕು. ಕಳಿಸುವ ಮೊದಲು "ದಾಖಲೆಗೆ ಇರಲಿ ಅಂತ ಅಂಚೇಲಿ ಹಾಕ್ತಿದೀನಿ, ತಪ್ಪು ತಿಳೀಬೇಡಿ" ಎಂದು ಹೇಳಿಬಿಡಿ.

ಆಮೇಲೂ ಆಗದಿದ್ದರೆ ದಾವೆಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಅವರು ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲ.

ಇಷ್ಟು ನಿಧಾನ ಸಲ್ಲದ ಸಂದರ್ಭ ಒಂದಿದೆ: ಗೋಡೆ ಈಗ ಎದ್ದೇಳುತ್ತಿರುವಾಗ. ಅಡಿಪಾಯಕ್ಕೆ ಅಗೆದ ದಿನವೇ ಹೋಗಿ ನೋಡಿ. ಅಡಿಪಾಯ ಗೋಡೆಗಿಂತ ಅಗಲವಾಗಿರುವುದರಿಂದ ಮೇಲೆ ಗೋಡೆ ಸರಿಯಾಗಿದ್ದರೂ ಕೆಳಗೆ ಕಲ್ಲು ನಿಮ್ಮ ಕಡೆ ಚಾಚಿರಬಹುದು. ಕೆಲಸ ಎರಡು ದಿನ ನಿಲ್ಲಿಸಿ ಅಳೆಯೋಣ ಎಂದು ಕೇಳಿ, ಅವತ್ತೇ ಒಂದು ಸಾಲು ಬರೆದುಕೊಡಿ, ಟೇಪು ಕಾಣುವಂತೆ ಫೋಟೋ ತೆಗೆದಿಡಿ. ನಿಲ್ಲಿಸದಿದ್ದರೆ ಅಂದೇ ವಕೀಲರನ್ನು ಕಾಣಬೇಕು. ಏಳುತ್ತಿರುವ ಗೋಡೆಗೆ ತಡೆಯಾಜ್ಞೆ ಕೇಳುವುದು ಸುಲಭ, ಎದ್ದು ನಿಂತ ಗೋಡೆ ಒಡೆಸುವುದು ಸುಲಭವಲ್ಲ.

ಸಹಿಯಾದ ಹಾಳೆಯನ್ನು ಕ್ರಯಪತ್ರದ ಜೊತೆಯಲ್ಲೇ ಇಡಿ. ಪಕ್ಕದವರು ಮನೆ ಮಾರುವ ಸುದ್ದಿ ಬಂದರೆ ಕೊಳ್ಳುವವರಿಗೆ ಅದರ ಪ್ರತಿ ತೋರಿಸಲು ಅವರನ್ನೇ ಕೇಳಿಕೊಳ್ಳಿ. ಹೊಸಬರು ಬಂದ ಮೇಲೆ ಅದೇ ಹಾಳೆಗೆ ಹೊಸ ದಿನಾಂಕ ಹಾಕಿ ಅವರ ಸಹಿಯನ್ನೂ ಪಡೆಯಿರಿ. ಮಾರದಿದ್ದರೂ ಹತ್ತು ವರ್ಷ ತುಂಬುವುದರೊಳಗೆ ಒಮ್ಮೆ ಹಾಗೇ ಹೊಸ ಸಹಿ ಮಾಡಿಸಿಕೊಂಡರೆ 12 ವರ್ಷದ ಪ್ರಶ್ನೆ ಏಳುವುದಿಲ್ಲ.